ತೂಬಿನ ಕಲ್ಲಿನ ಲೆಕ್ಕ

— ಅಕ್ಕಾ, ಕಥೆ ಓದಿದ್ರಾ?

— ಎರಡು ಸಲ ಓದಿದೆ. ಕೆರೆ ಚೆನ್ನಾಗಿ ಬಂದಿದೆ. ಏರಿ ಮೇಲೆ ನಡೆಯೋ ಜನ, ಕೋಡಿ ಹತ್ತಿರ ಬಟ್ಟೆ ಒಗೆಯೋ ಬಂಡೆ, ಸಂಜೆ ಎಮ್ಮೆಗಳು ನೀರಿಂದ ಏಳೋದು, ಎಲ್ಲ ಕಣ್ಣಿಗೆ ಕಟ್ಟುತ್ತೆ. ಆದರೆ ಏಳನೇ ಪುಟಕ್ಕೆ ಮೇಷ್ಟ್ರು ಬರ್ತಾರೆ. ಒಂದು ಪುಟ ಪೂರ್ತಿ ಇಂಗಾಲ, ಭೂಮಿಯ ಬಿಸಿ, ಮುಂದಿನ ಪೀಳಿಗೆ ಅಂತ ಮಾತಾಡ್ತಾರೆ. ಆ ಪುಟದಲ್ಲಿ ಊರಿನ ಯಾರೂ ಏನೂ ಮಾಡೋದಿಲ್ಲ, ನಿಂತು ಕೇಳ್ತಾರೆ ಅಷ್ಟೆ.

— ಆ ಪುಟ ತೆಗೆದರೆ ಇದು ಬರೀ ಬರಗಾಲದ ಕಥೆ ಆಗುತ್ತಲ್ವಾ? ಕೋಲಾರದ ಕಡೆ ಬರ ಹೊಸದೇನಲ್ಲ. ಇದು ಹವಾಮಾನ ಬದಲಾಗ್ತಿರೋ ಕಾಲದ ಬರ ಅಂತ ಓದೋರಿಗೆ ಹೇಗೆ ಗೊತ್ತಾಗಬೇಕು?

— ಊರಿನವರು ಏನನ್ನ ನಂಬಿ ನಿರ್ಧಾರ ತಗೊಳ್ತಾರೆ, ಆ ನಂಬಿಕೆ ಎಲ್ಲಿ ಕೈಕೊಡುತ್ತೆ ಅನ್ನೋದರಿಂದ ಗೊತ್ತಾಗಬೇಕು. ನಿನ್ನ ಕಥೆಯ ಹೆಂಗಸಿನ ಅತ್ತೆ ಇದ್ದಾಳಲ್ಲ, ಆರಿದ್ರಾ ಮಳೆಗೆ ಹೊಲ ಹದ ಮಾಡಬೇಕು, ಪುನರ್ವಸು, ಪುಷ್ಯದಲ್ಲಿ ರಾಗಿ ಬಿತ್ತಬೇಕು, ಹಸ್ತೆ, ಚಿತ್ತೆ ಮಳೆ ಕೆರೆ ತುಂಬಿಸುತ್ತೆ ಅಂತ ತಿಳಿದವಳು. ಅದು ಬರೀ ನಂಬಿಕೆ ಅಲ್ಲ, ಮೂರು ನಾಲ್ಕು ತಲೆಮಾರು ನೋಡಿ ನೋಡಿ ಕಟ್ಟಿದ ಲೆಕ್ಕ. ಆ ಲೆಕ್ಕದ ಮೇಲೆ ಬೀಜ ತರ್ತಾರೆ, ಸಾಲ ಮಾಡ್ತಾರೆ, ಮದುವೆ ಇಟ್ಕೊಳ್ತಾರೆ. ಮಳೆ ಕಮ್ಮಿ ಆಗೋದಕ್ಕಿಂತ ಮೊದಲು ಆ ಲೆಕ್ಕ ತಪ್ಪೋದಕ್ಕೆ ಶುರುವಾಗುತ್ತೆ. ಅದನ್ನ ತೋರಿಸು. ಹವಾಮಾನ ಅನ್ನೋ ಪದವೇ ಬೇಕಾಗೋದಿಲ್ಲ.

— ನಾನು ವರ್ಷವನ್ನೇ ಹೇಳಿಲ್ಲ ಕಥೆಯಲ್ಲಿ. ಯಾವ ಕಾಲಕ್ಕಾದರೂ ಸಲ್ಲಲಿ ಅಂತ.

— ನನಗೆ ಅಲ್ಲೇ ತೊಡಕು ಕಂಡಿದ್ದು. ಕಾಲ ಇಟ್ಟುಬಿಡು. ನಮ್ಮ ಕಡೆ ಈಚಿನ ವರ್ಷಗಳು ಕಥೆಗಾರನಿಗೆ ಬೇಕಾದ ಏರಿಳಿತ ತಾವೇ ಕೊಟ್ಟಿವೆ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯೋ ಹಾಗೆ ಮಳೆ ಸುರೀತು. 2022ರಲ್ಲೂ ಜಾಸ್ತಿ ಮಳೆ. ಎಷ್ಟೋ ವರ್ಷದಿಂದ ನೀರು ಕಾಣದ ಕೆರೆಗಳು ಕೋಡಿ ಬಿದ್ದವು. ಆಮೇಲೆ 2023. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಿರೋದರಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಸಾರಿದರು. ಕಥೆಯನ್ನ 2022ರ ನವೆಂಬರ್‌ನಲ್ಲಿ, ಕೋಡಿ ಹರಿಯೋ ದಿನ ಶುರು ಮಾಡು. 2024ರ ಬೇಸಿಗೆಗೆ ತಳ ಕಾಣಿಸು.

— ತುಂಬಿದ ಕೆರೆ ಒಂದೂವರೆ ವರ್ಷಕ್ಕೆ ಒಣಗುತ್ತಾ? ಓದೋರು ನಂಬ್ತಾರಾ?

— ಲೆಕ್ಕ ಹಾಕಿ ನೋಡೋಣ. ನಾನು ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಕೆಲಸ ಮಾಡಿದ್ದು ಇದಕ್ಕಾದರೂ ಉಪಯೋಗ ಆಗಲಿ. ನಿನ್ನ ಕೆರೆ ಎಷ್ಟು ದೊಡ್ಡದು?

— ಸುಮಾರು ನೂರು ಎಕರೆ ಅಂತ ಮನಸ್ಸಲ್ಲಿತ್ತು. ತೂಬಿನ ಹತ್ತಿರ ಹತ್ತು ಅಡಿ ಆಳ.

— ಸರಿ. ಕೆರೆ ಅಂದರೆ ತೊಟ್ಟಿಯ ಹಾಗೆ ನೇರ ಗೋಡೆ ಇರೋದಿಲ್ಲ. ತೂಬಿನ ಹತ್ತಿರ ಆಳ, ಹಿನ್ನೀರಿನ ಕಡೆ ಹೋಗ್ತಾ ಹೋಗ್ತಾ ಮೊಣಕಾಲುದ್ದ, ಆಮೇಲೆ ಬರೀ ಜೌಗು. ನೀರು ಇಳಿದಂತೆ ಅಗಲವೂ ಕುಗ್ಗುತ್ತೆ. ಹಾಗಾಗಿ ತೂಬಿನ ಕಲ್ಲು ಅರ್ಧ ಮುಳುಗಿದೆ ಅಂದರೆ ಅರ್ಧ ಕೆರೆ ನೀರಿದೆ ಅಂತಲ್ಲ. ಇಂಥ ಇಳಿಜಾರಿನ ಕೆರೆಯಲ್ಲಿ ಐದು ಅಡಿ ಉಳಿದಾಗ ಇರೋದು ತುಂಬಿದಾಗಿನ ನೀರಿನ ಎಂಟನೇ ಒಂದು ಪಾಲು. ಏರಿ ಮೇಲೆ ನಿಂತು ನೋಡೋನಿಗೆ ಇದು ಕಾಣೋದಿಲ್ಲ. ದನ ಅಟ್ಟಿಕೊಂಡು ಕೆರೆಯೊಳಕ್ಕೆ ಇಳಿಯೋ ಹುಡುಗನಿಗೆ ಗೊತ್ತಿರುತ್ತೆ, ನೀರುಗಂಟಿಗೆ ಗೊತ್ತಿರುತ್ತೆ. ಗೊತ್ತಿರೋರು ಯಾರು, ಮಾತು ನಡೆಯೋದು ಯಾರದು ಅನ್ನೋ ಕಡೆ ನಿನ್ನ ಕಥೆ ಇದೆ.

— ಬಿಸಿಲಿಗೆ ಎಷ್ಟು ಹೋಗುತ್ತೆ?

— ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರಿಂದ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಆವಿಯಾಗುತ್ತೆ. ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಮ್ಮಿ. ತಿಂಗಳಿಗೆ ಅರ್ಧ ಅಡಿ ಅಂತಿಟ್ಟುಕೋ. ಯಾರೂ ಒಂದು ಕೊಡ ನೀರೂ ಎತ್ತದಿದ್ದರೂ ನವೆಂಬರ್‌ನಿಂದ ಮೇ ಕೊನೆಯವರೆಗೆ ಹತ್ತು ಅಡಿ ಆರೂವರೆ ಆಗುತ್ತೆ. ಈಗ ಅಚ್ಚುಕಟ್ಟಿನಲ್ಲಿ ಇಪ್ಪತ್ತೈದು ಎಕರೆ ಬೇಸಿಗೆ ಭತ್ತ ಹಾಕಿದರು ಅನ್ನು. ಭತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ನಾಲ್ಕು ಅಡಿ ನೀರು ನಿಲ್ಲಿಸಿದಷ್ಟು ಬೇಕು. ಅದೇ ಜಾಗಕ್ಕೆ ರಾಗಿ ಹಾಕಿದರೆ ಅದರ ಮೂರನೇ ಒಂದು ಪಾಲು ಸಾಕು. ಭತ್ತ ಹಾಕಿದರೆ ಮೇ ಕೊನೆಗೆ ತೂಬಿನ ಕಲ್ಲಲ್ಲಿ ನಾಲ್ಕೂವರೆ ಅಡಿ. ಆರೂವರೆ, ನಾಲ್ಕೂವರೆ, ಎರಡೇ ಅಡಿ ವ್ಯತ್ಯಾಸ ಅನ್ನಿಸುತ್ತೆ. ಆದರೆ ಆಗಲೇ ಹೇಳಿದೆನಲ್ಲ, ಅಳತೆಯಲ್ಲಿ ನೋಡಿದರೆ ಉಳಿದ ನೀರು ಮೂರರಲ್ಲಿ ಒಂದು ಪಾಲು ಮಾತ್ರ. ಇದರಲ್ಲಿ ನೆಲಕ್ಕೆ ಇಂಗೋದನ್ನ ನಾನು ಸೇರಿಸಿಲ್ಲ. ಅದನ್ನೂ ಸೇರಿಸಿದರೆ ಇನ್ನೂ ಕಮ್ಮಿ.

— ಅಂದರೆ ಕೆರೆ ಒಣಗೋದು ಬರದ ವರ್ಷದಲ್ಲಿ ಅಲ್ಲ. ತುಂಬಿದ ವರ್ಷದಲ್ಲೇ ಅದರ ಶುರು.

— ಹೌದು. ಬರದ ವರ್ಷ ಅದರ ಮೇಲೆ ಬರುತ್ತೆ. 2023ರಲ್ಲಿ ಕಾಲುವೆಯಲ್ಲಿ ನೀರೇ ಹರಿದು ಬರಲಿಲ್ಲ, ಕೆರೆಯ ಮೇಲೆ ಬಿದ್ದ ಮಳೆ ಅಷ್ಟೇ ಸಿಕ್ಕಿತು ಅಂತಿಟ್ಟುಕೊಂಡರೆ ಆ ವರ್ಷದ ಕೊನೆಗೆ ಎರಡೂವರೆ ಅಡಿ. ಅಲ್ಲಿಂದ ತಿಂಗಳಿಗೆ ಅರ್ಧ ಅಡಿ ಇಳಿದರೆ 2024ರ ಮೇಗೆ ತಳ. ಭತ್ತ ಹಾಕದೇ ಇದ್ದಿದ್ದರೆ ಅದೇ ಮೇ ತಿಂಗಳಲ್ಲಿ ತೂಬಿನ ಹತ್ತಿರ ಎರಡು ಅಡಿ ನೀರು ಇರ್ತಿತ್ತು. ಬೇಸಾಯಕ್ಕೆ ಅದು ಏನೂ ಅಲ್ಲ. ದನಕರುಗಳಿಗೆ, ಸುತ್ತಲಿನ ಬಾವಿಗಳಿಗೆ ಅದೇ ಎಲ್ಲ.

— ಹಾಗಾದರೆ ಭತ್ತ ಹಾಕಿದ್ದು ತಪ್ಪು ಅಂತ ಕಥೆ ಹೇಳಬೇಕಾ?

— ಹೇಳಬಾರದು. ಅಲ್ಲೇ ಎಚ್ಚರ ಬೇಕು. 2022ರ ಡಿಸೆಂಬರ್‌ನಲ್ಲಿ ಏರಿ ಮೇಲೆ ನಿಂತ ರೈತನ ಜಾಗದಲ್ಲಿ ನಿಂತು ನೋಡು. ಆ ತರಿ ಜಮೀನಿನಲ್ಲಿ ಅವನ ತಂದೆ ಭತ್ತ ಬೆಳೀತಿದ್ದ. ಅವನ ಮಕ್ಕಳು ಅಲ್ಲಿ ನೆಲ ಬಿರಿದಿದ್ದನ್ನ ಬಿಟ್ಟರೆ ಬೇರೆ ನೋಡಿಲ್ಲ. ಈಗ ಕೆರೆ ತುಂಬಿದೆ, ಎರಡು ವರ್ಷ ಮಳೆ ಚೆನ್ನಾಗಿದೆ, ಮನೆಗೆ ಅಕ್ಕಿ ಕೊಳ್ಳೋ ಕಷ್ಟ ತಪ್ಪುತ್ತೆ. ಮುಂದಿನ ಆಗಸ್ಟ್ ನೂರಿಪ್ಪತ್ತು ವರ್ಷದಲ್ಲಿ ಕಾಣದಷ್ಟು ಒಣಗಿರುತ್ತೆ ಅಂತ ಅವನಿಗೆ ಯಾರು ಹೇಳಬೇಕಿತ್ತು? ಆ ದಿನಕ್ಕೆ ಅವನ ನಿರ್ಧಾರ ಸರಿ. ಕಥೆಯಲ್ಲಿ ಪ್ರತಿಯೊಬ್ಬನ ನಿರ್ಧಾರವೂ ಆ ದಿನಕ್ಕೆ ಸರಿ ಅನ್ನಿಸಬೇಕು. ಓದುವಾಗ ನಾನೂ ಭತ್ತವನ್ನೇ ಹಾಕ್ತಿದ್ದೆ ಅನ್ನಿಸಬೇಕು. ಹಾಗೆ ಅನ್ನಿಸಿದ ಮೇಲೆ ಮೇಷ್ಟ್ರ ಮಾತು ಯಾರಿಗೂ ಬೇಡ.

— ನೀರುಗಂಟಿ ಬೇಡ ಅಂತಾನೆ ಅಂತ ಬರೆದಿದ್ದೀನಿ. ಅವನಿಗೆ ಮುಂದಿನದು ಕಾಣುತ್ತೆ.

— ಅವನನ್ನ ಋಷಿ ಮಾಡಿಬಿಟ್ಟಿದ್ದೀಯ. ಹಿಂದಿನಿಂದಲೂ ನೀರುಗಂಟಿಗೆ ಸಂಬಳ ಅಂತ ಇರಲಿಲ್ಲ, ಗೊತ್ತಲ್ಲ. ತೂಬು ಎತ್ತಿ, ಕಾಲುವೆ ನೋಡಿಕೊಂಡು, ಬಾಲದ ಗದ್ದೆಗೂ ನೀರು ಮುಟ್ಟಿಸಿದ್ದಕ್ಕೆ ಸುಗ್ಗಿಯಲ್ಲಿ ಪ್ರತಿ ಗದ್ದೆಯವನೂ ಇಷ್ಟು ಕಾಳು ಅಂತ ಅಳೀತಿದ್ದ. ಭತ್ತ ಬೆಳೆದರೆ ತಾನೇ ಅವನಿಗೆ ಕಾಳು? ತೂಬು ಮುಚ್ಚಿಡಿ ಅಂದರೆ ಅವನ ಮನೆಯ ಪಾತ್ರೆಯೂ ಖಾಲಿ. ಅದನ್ನ ಕಥೆಗೆ ತಾ. ಅವನು ಬೆಳಗ್ಗೆ ತೂಬಿನ ಕಲ್ಲು ನೋಡ್ತಾನೆ, ಅವನಿಗೆ ಲೆಕ್ಕ ಗೊತ್ತು. ಮನೆಗೆ ಬರ್ತಾನೆ, ಹೆಂಡತಿ ಈ ಸಲ ಎಷ್ಟು ಪಲ್ಲ ಬರಬಹುದು ಅಂತ ಕೇಳ್ತಾಳೆ. ಸಭೆಯಲ್ಲಿ ಅವನು ಸುಮ್ಮನಿರ್ತಾನೆ. ಆ ಮೌನಕ್ಕೆ ಕಾರಣ ಓದುಗನಿಗೆ ಗೊತ್ತಿರಬೇಕು, ಸಭೆಯವರಿಗೆ ಗೊತ್ತಿರಬಾರದು.

— ಸಭೆಯಲ್ಲಿ ಬೇರೆ ದಾರಿ ಯಾರಾದರೂ ಹೇಳ್ತಾರಾ? ಪೂರ್ತಿ ಭತ್ತ, ಇಲ್ಲ ಪೂರ್ತಿ ಬೇಡ, ಇವೆರಡೇನಾ ಇದ್ದದ್ದು?

— ಹಿಂದೆ ಮೂರನೇದೊಂದು ಇತ್ತು. ಕೋಲಾರದ ಕಡೆ ದಾಮಾಶಾ ಅಂತಿದ್ದರು. ನೀರು ಸಾಲದ ವರ್ಷ ಇಡೀ ಅಚ್ಚುಕಟ್ಟಿಗೆ ಬಿಡದೆ ತೂಬಿಗೆ ಹತ್ತಿರದ ಗದ್ದೆಗಳಿಗೆ ಮಾತ್ರ ನೀರು. ಆ ಒಂದು ಬೆಳೆಯ ಮಟ್ಟಿಗೆ ಆ ಗದ್ದೆಗಳನ್ನೇ ಎಲ್ಲರೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಳ್ಳೋದು. ಬಾಲದಲ್ಲಿ ಎರಡು ಎಕರೆ ಇದ್ದವನು ಆ ವರ್ಷ ತೂಬಿನ ಬುಡದಲ್ಲಿ ಬೇರೆಯವನ ಗದ್ದೆಯ ಒಂದು ಪಟ್ಟಿಯಲ್ಲಿ ನಾಟಿ ಮಾಡ್ತಾನೆ. ನೀರು ದೂರ ಹರಿಯದೆ ಇದ್ದರೆ ದಾರಿಯಲ್ಲಿ ಇಂಗಿ ಹಾಳಾಗೋದೂ ಉಳೀತು. ನಿನ್ನ ಕಥೆಯ ಅತ್ತೆಗೆ ಅದು ನೆನಪಿರಬಹುದು. ಅವಳು ಹೇಳಿದರೆ ಇವತ್ತಿನ ಗದ್ದೆಯವನು ಏನಂತಾನೆ ಯೋಚಿಸು. ಪಹಣಿ ಅವನ ಹೆಸರಲ್ಲಿದೆ, ಬ್ಯಾಂಕ್ ಸಾಲ ಆ ಪಹಣಿ ಮೇಲಿದೆ, ಬೆಳೆ ವಿಮೆಯೂ ಅದರ ಮೇಲೆ. ಇನ್ನೊಬ್ಬನನ್ನ ಒಂದು ಬೆಳೆಗೆ ಒಳಗೆ ಬಿಟ್ಟರೆ ನಾಳೆ ಏನಾಗುತ್ತೋ ಅನ್ನೋ ಭಯ. ಆ ಭಯಕ್ಕೂ ಅರ್ಥ ಇದೆ. ಹಳೆಯದು ಒಳ್ಳೆಯದು, ಹೊಸಬರು ಕೆಟ್ಟವರು ಅಂತ ಬರೀಬೇಡ.

— ಬೋರ್‌ವೆಲ್ ಕೊರೆಸೋ ಮೈದುನನನ್ನ ನಾನು ಹಾಗೇ ಬರೆದಿದ್ದೀನಿ ಅನ್ನಿಸುತ್ತೆ. ದುಡ್ಡಿನ ಆಸೆಯವನು.

— 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿಯ ಟೊಮ್ಯಾಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷ ಅದೇ ಬಾಕ್ಸಿಗೆ ನೂರು ರೂಪಾಯಿ ಸಿಗದೆ ರಸ್ತೆ ಬದಿಗೆ ಸುರಿದವರು ನಮ್ಮವರೇ. ಯಾಕೆ ಅಷ್ಟು ಏರಿತು? ಬೇಸಿಗೆಯ ಬಿಸಿಲು, ಎಲೆಮುರುಟು ರೋಗ, ಬೇರೆ ಕಡೆ ಮಳೆ, ಎಲ್ಲ ಸೇರಿ ಮಾರುಕಟ್ಟೆಗೆ ಹಣ್ಣೇ ಬರಲಿಲ್ಲ. ಹವಾಮಾನ ಊರಿನ ಮೇಲೆ ಬರೀ ಬಿಸಿಲಾಗಿ ಬೀಳೋದಿಲ್ಲ, ಮಂಡಿಯ ದರವಾಗಿಯೂ ಬರುತ್ತೆ. ಇದನ್ನ ಕಥೆಗಾರರು ಮರೀತಾರೆ. ಎರಡು ವರ್ಷದ ಸಾಲ ತಲೆ ಮೇಲಿರೋ ಮೈದುನನಿಗೆ ಆ ದರ ಕೇಳಿಸಿದೆ. ಇರೋ ಬೋರು ಕಕ್ಕಿ ಕಕ್ಕಿ ನೀರು ಕೊಡ್ತಿದೆ. ಹತ್ತು ಎಚ್‌ಪಿವರೆಗಿನ ಮೋಟರಿಗೆ ಕರೆಂಟ್ ಬಿಲ್ಲಿಲ್ಲ. ಇನ್ನೊಂದು ಕೊರೆಸೋಣ ಅಂತ ಪಾಯಿಂಟ್ ನೋಡೋನನ್ನ ಕರೀತಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯೋನು ಕಾಯಿ ನೆಟ್ಟಗಾದ ಜಾಗ ತೋರಿಸ್ತಾನೆ. ಅದು ಕೆರೆಗೆ ನೀರು ತರೋ ಕಾಲುವೆಯ ಪಕ್ಕ.

— ಅಲ್ಲಿಂದ ಕೆರೆಗೆ ಹೊಡೆತ.

— ನಿಧಾನ. ಆ ಒಂದು ಬೋರಿನಿಂದ ಕೆರೆ ಬತ್ತಿತು ಅಂತ ಬರೆದರೆ ಅದು ಸುಳ್ಳಾಗುತ್ತೆ. ಅರ್ಕಾವತಿ ನದಿಯ ವಿಷಯ ಕೇಳಿರಬೇಕು. ಅರ್ಕಾವತಿ, ಕುಮುದ್ವತಿ ಸೇರೋ ತಿಪ್ಪಗೊಂಡನಹಳ್ಳಿಯಲ್ಲಿ 1930ರ ದಶಕದಲ್ಲಿ ಕಟ್ಟಿದ ಜಲಾಶಯ ಬೆಂಗಳೂರಿಗೆ ನೀರು ಕೊಡ್ತಿತ್ತು. ಬರ್ತಾ ಬರ್ತಾ ಅದಕ್ಕೆ ಹರಿದು ಬರೋ ನೀರೇ ನಿಂತಿತು. ಯಾಕೆ ಅಂತ ಏಟ್ರೀ ಸಂಸ್ಥೆಯವರೂ ಇದ್ದ ಒಂದು ತಂಡ ಹುಡುಕಿ 2015ರಲ್ಲಿ ಪ್ರಕಟಿಸಿತು. ಮಳೆ ಕಮ್ಮಿಯಾಯ್ತಾ, ಸೆಕೆ ಜಾಸ್ತಿಯಾಯ್ತಾ, ಬೋರ್‌ವೆಲ್ಲುಗಳಾ, ನೀಲಗಿರಿ ತೋಪುಗಳಾ, ಹಳ್ಳಕ್ಕೆ ಕಟ್ಟಿದ ಅಡ್ಡಗಟ್ಟೆಗಳಾ ಅಂತ ಒಂದೊಂದೇ ತೂಗಿ ನೋಡಿದರು. ಮಳೆ, ಸೆಕೆಯ ಬದಲಾವಣೆ ಆ ನದಿ ಒಣಗಿದ್ದಕ್ಕೆ ಮುಖ್ಯ ಕಾರಣ ಅಲ್ಲ ಅಂತ ಬಂತು. ಅಂತರ್ಜಲ ಎತ್ತಿದ್ದು, ನೀಲಗಿರಿ ಬೆಳೆಸಿದ್ದು ಮುಂದೆ ನಿಂತವು.

— ಅಯ್ಯೋ. ಹಾಗಾದರೆ ನನ್ನ ಕಥೆಯ ಬುಡಕ್ಕೇ ಕೊಡಲಿ ಬಿತ್ತಲ್ಲ ಅಕ್ಕಾ.

— ಬೀಳಲಿಲ್ಲ. ಕಥೆ ಗಟ್ಟಿಯಾಯ್ತು. ನೆಲದ ಕೆಳಗೆ ನೀರಿದ್ದ ಕಾಲದಲ್ಲಿ ಒಂದು ಹದ ಮಳೆ ಬಿದ್ದರೆ ಹಳ್ಳ ಹರಿದು ಕೆರೆಗೆ ಬರ್ತಿತ್ತು. ಹಳ್ಳದ ಒರತೆ ತಿಂಗಳುಗಟ್ಟಲೆ ಜಿನುಗ್ತಿತ್ತು. ಈಗ ಸಾವಿರ ಅಡಿ ಕೆಳಗಿನ ನೀರನ್ನ ಎತ್ತಿ ಎತ್ತಿ ಮೇಲಿನ ನೆಲ ಒಣಗಿದೆ. ಅದೇ ಮಳೆಯನ್ನ ನೆಲ ಕುಡಿದುಬಿಡುತ್ತೆ, ಕೆರೆಯವರೆಗೆ ಹರಿಯೋದಿಲ್ಲ. ಮೊದಲಿದ್ದ ಕೆರೆಗೆ ಒಂದು ಕೆಟ್ಟ ವರ್ಷವನ್ನ ತಡೆಯೋ ಶಕ್ತಿ ಇತ್ತು. ಊರಿನವರ ಮೂವತ್ತು ನಲವತ್ತು ವರ್ಷದ ನಿರ್ಧಾರಗಳು ಆ ಶಕ್ತಿಯನ್ನ ತೆಗೆದುಬಿಟ್ಟಿವೆ. ಅಂಥ ಹೊತ್ತಿಗೆ ಒಂದು ವರ್ಷ ಕೊಚ್ಚಿಕೊಂಡು ಹೋಗೋ ಮಳೆ, ಇನ್ನೊಂದು ವರ್ಷ ಬರಿದಾದ ಆಗಸ್ಟ್ ಬರುತ್ತೆ. ಎರಡೂ ಸೇರಿದ ಜಾಗದಲ್ಲಿ ನಿನ್ನ ಕೆರೆ ಇದೆ. ಮೇಷ್ಟ್ರು ಒಂದೇ ಕಡೆ ಬೆರಳು ತೋರಿಸ್ತಾರೆ, ಅದಕ್ಕೇ ಅವರು ಸುಳ್ಳು ಅನ್ನಿಸ್ತಾರೆ. ಎಲ್ಲ ತಪ್ಪನ್ನ ದೂರದ ಹೊಗೆಕೊಳವೆಗೆ ಹಾಕಿದರೆ ಊರಿನವರ ಕೈಯಲ್ಲಿ ಮಾಡೋದಕ್ಕೆ ಏನೂ ಉಳಿಯೋದಿಲ್ಲ. ಎಲ್ಲವನ್ನ ಮೈದುನನ ಬೋರಿಗೆ ಹಾಕಿದರೆ ಅದೂ ಅನ್ಯಾಯ.

— ಸೆಕೆ ಜಾಸ್ತಿಯಾಗಿದ್ದರಿಂದ ಆವಿಯಾಗೋದು ಜಾಸ್ತಿಯಾಗಿ ಕೆರೆ ಬತ್ತಿತು ಅಂತ ಒಂದು ಸಾಲು ಇದೆ. ಅದನ್ನ ಏನು ಮಾಡಲಿ?

— ತೆಗೆದುಬಿಡು. ಒಂದು ಡಿಗ್ರಿ ಸೆಕೆ ಏರಿದರೆ ಕೆರೆಯಿಂದ ಆವಿಯಾಗೋದು ಹೆಚ್ಚೋದು ನೂರಕ್ಕೆ ಕೆಲವೇ ಪಾಲು. ವರ್ಷಕ್ಕೆ ಆರು ಅಡಿ ಹೋಗೋ ಕಡೆ ಮೂರು ನಾಲ್ಕು ಅಂಗುಲ ಜಾಸ್ತಿ. ಅದು ಇಲ್ಲ ಅಂತಲ್ಲ, ಆದರೆ ಕೆರೆಯನ್ನ ಬತ್ತಿಸೋದು ಅದಲ್ಲ. ಸೆಕೆಯನ್ನ ತೋರಿಸಬೇಕಾದರೆ ಹಟ್ಟಿಗೆ ಹೋಗು. ನಿನ್ನ ಹೆಂಗಸಿಗೆ ಎರಡು ಸೀಮೆಹಸು ಇದೆ ಅಂದೆಯಲ್ಲ.

— ಹೌದು, ಎಚ್‌ಎಫ್. ಡೇರಿಗೆ ಹಾಲು ಹಾಕ್ತಾಳೆ. ಒಂದು ಹಸು ಕೊನೆಗೆ ಮಾರ್ತಾಳೆ.

— ಯಾವಾಗ, ಯಾಕೆ, ಯಾವ ಹಸು? ಕಥೆಯಲ್ಲಿ ಒಂದೇ ಸಾಲಿಗೆ ಮುಗಿಸಿದ್ದೀಯ. ನನಗೆ ಇಡೀ ಕಥೆಯಲ್ಲಿ ಬೇಕಾಗಿದ್ದು ಅದೇ. ಆ ತಳಿ ತಣ್ಣನೆ ದೇಶದ್ದು. ಮೂವತ್ತು ಡಿಗ್ರಿ ದಾಟಿದರೆ ಮೇವು ಬಿಡುತ್ತೆ, ಏದುಸಿರು ಬಿಡುತ್ತೆ, ಹಾಲು ಇಳಿಯುತ್ತೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತ್ತು, ಕೋಲಾರದ ಶೀಟು ಹೊದಿಸಿದ ಹಟ್ಟಿ ಹೇಗಿರಬೇಕು. ಹಾಲು ಕರೆಯೋ ಒಂದು ಹಸು ಬೇಸಿಗೆಯಲ್ಲಿ ದಿನಕ್ಕೆ ಎಂಬತ್ತು ಲೀಟರ್‌ವರೆಗೂ ಕುಡಿಯುತ್ತೆ. ಮಧ್ಯಾಹ್ನ ಮೈಗೆ ನೀರು ಹಾಕಿದರೆ ಸಂಜೆ ಒಂದು ಲೀಟರ್ ಹಾಲು ಉಳಿಯುತ್ತೆ. ಮೊದಲು ಕೆರೆಗೆ ಹೊಡೆದುಕೊಂಡು ಹೋಗ್ತಿದ್ದಳು, ಕುಡಿಯೋದೂ ಅಲ್ಲೇ, ಮೈ ತೊಳೆಯೋದೂ ಅಲ್ಲೇ. ಕೆರೆ ಇಳಿದ ಮೇಲೆ ಕೆಸರು. ಹಸು ಹೂತುಕೊಳ್ಳುತ್ತೆ ಅಂತ ಭಯ. ಆಗ ಮನೆಗೆ ಬರೋ ಪಂಚಾಯಿತಿ ನಲ್ಲಿ ನೀರು. ಅದು ಮೂರು ದಿನಕ್ಕೊಮ್ಮೆ. ಒಂದು ಡ್ರಮ್ಮು ನೀರಲ್ಲಿ ಅತ್ತೆಯ ಸ್ನಾನ, ಪಾತ್ರೆ, ಹಸುವಿನ ಬಾಯಾರಿಕೆ, ಹಸುವಿನ ಮೈ. ದಿನಾ ಬೆಳಗ್ಗೆ ಆ ಡ್ರಮ್ಮಿನ ಮುಂದೆ ಅವಳು ಏನು ಲೆಕ್ಕ ಹಾಕ್ತಾಳೆ ಬರೆ.

— ಮೊದಲು ಪಾತ್ರೆ ತೊಳೆದ ನೀರನ್ನ ಕಲಗಚ್ಚಿಗೆ ಹಾಕ್ತಾಳೆ. ಆಮೇಲೆ ಮೈ ತೊಳೆಯೋದು ಬಿಟ್ಟು ಒದ್ದೆ ಗೋಣಿ ಹೊದಿಸ್ತಾಳೆ.

— ಆಮೇಲೆ?

— ಗೋಣಿಯೂ ಒಂದೇ ಹಸುವಿಗೆ. ಜಾಸ್ತಿ ಹಾಲಿನದಕ್ಕೆ. ಅಲ್ಲಿಗೆ ಇನ್ನೊಂದನ್ನ ಮಾರೋದು ಮನಸ್ಸಲ್ಲಿ ತೀರ್ಮಾನ ಆದ ಹಾಗೇ.

— ನೋಡು, ಬಂತಲ್ಲ. ಅವಳು ಬಾಯಿಬಿಟ್ಟು ಹೇಳಿಲ್ಲ, ಅವಳಿಗೇ ಇನ್ನೂ ಗೊತ್ತಿಲ್ಲ, ಗೋಣಿ ಯಾವುದಕ್ಕೆ ಅನ್ನೋದರಲ್ಲಿ ಆಗಿಹೋಗಿದೆ. ಮಾರಾಟದ ದೃಶ್ಯಕ್ಕೆ ಮೂರು ವಾರ ಮೊದಲೇ ಓದುಗನಿಗೆ ತಿಳಿಯುತ್ತೆ. ಮೇವಿನದೂ ಹೀಗೇ ಇದೆ. 2023ರ ಜುಲೈನಲ್ಲಿ ಬೀಜ ತರೋದಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗ್ತಾಳೆ. ದೀರ್ಘಾವಧಿ ರಾಗಿ ತರೋದಾ, ಅಲ್ಪಾವಧಿ ತರೋದಾ? ಎಂಆರ್-6 ಥರದ್ದು ನೂರ ಇಪ್ಪತ್ತು ದಿನ ದಾಟುತ್ತೆ, ಎತ್ತರಕ್ಕೆ ಬೆಳೆಯುತ್ತೆ, ಹುಲ್ಲು ಜಾಸ್ತಿ. ಜಿಪಿಯು-48 ನೂರು ದಿನಕ್ಕೆ ಬರುತ್ತೆ. ಮಳೆ ತಡವಾದಾಗ ಚಿಕ್ಕ ಅವಧಿಯದು ಕಾಳು ಉಳಿಸಬಹುದು, ಆದರೆ ಹುಲ್ಲು ಕಮ್ಮಿ. ಮನೆಯವರ ಊಟಕ್ಕೋ, ಹಸುವಿನ ಮೇವಿಗೋ ಅನ್ನೋ ಪ್ರಶ್ನೆ ಒಂದು ಬೀಜದ ಚೀಲ ಆರಿಸೋದರಲ್ಲಿ ಇದೆ. ಅತ್ತೆ ಹೇಳೋದು ಪುಷ್ಯ ಮಳೆ ಬರುತ್ತೆ, ಉದ್ದದ್ದೇ ಹಾಕು ಅಂತ. ಮೊಬೈಲಿಗೆ ಬಂದ ಸಂದೇಶ ಬೇರೆ ಹೇಳುತ್ತೆ. ಆದರೆ ಅತ್ತೆ ತನ್ನ ಮಳೆ ಲೆಕ್ಕದಿಂದಲೇ ಮನೆಯನ್ನ ನಲವತ್ತು ವರ್ಷ ನಡೆಸಿದ್ದಾಳೆ.

— ಸೊಸೆ ಯಾವುದನ್ನ ಆರಿಸ್ತಾಳೆ?

— ಅದು ನಿನ್ನ ಕೆಲಸ. ಯಾವುದನ್ನ ಆರಿಸಿದರೂ ಆಗಸ್ಟ್ ಒಣಗಿರುತ್ತೆ ಅನ್ನೋದನ್ನ ಮಾತ್ರ ಮರೀಬೇಡ. ಸರಿಯಾಗಿ ಆರಿಸಿದವರು ಗೆಲ್ಲೋ ಹಾಗೆ ಕಥೆ ಕಟ್ಟಿದರೆ ಅದೂ ಒಂದು ಪಾಠವೇ, ಮೇಷ್ಟ್ರನ್ನ ಹಿಂದಿನ ಬಾಗಿಲಿಂದ ಒಳಗೆ ಕರೆದ ಹಾಗೆ. ನಿಜದಲ್ಲಿ ಆ ವರ್ಷ ಜಾಣತನದಿಂದ ನಡೆದುಕೊಂಡವರೂ ಬೆಳೆ ಕಳಕೊಂಡರು.

— ಮೀನಿನ ಗುತ್ತಿಗೆಯವನನ್ನ ತೆಗೆದುಬಿಡಲಾ? ಪಾತ್ರಗಳು ಜಾಸ್ತಿ ಆಗ್ತಿವೆ.

— ಇರಲಿ, ಒಂದು ಪುಟ ಸಾಕು. ಅವನು ಕಾಟ್ಲಾ, ರೋಹು ಮರಿ ಬಿಟ್ಟಿದ್ದಾನೆ. ನೀರು ಇಳಿದಾಗ ಮೀನು ದೊಡ್ಡದಾಗೋವರೆಗೆ ಕಾಯೋದಾ, ಈಗಲೇ ಬಲೆ ಹಾಕೋದಾ? ಕಾದರೆ ಬಿಸಿ ನೀರಲ್ಲಿ ಉಸಿರುಗಟ್ಟಿ ಒಂದೇ ರಾತ್ರಿ ಎಲ್ಲ ತೇಲಬಹುದು. ಅವನು ಬೇಗ ಹಿಡಿದುಬಿಡ್ತಾನೆ. ಊರಿನವರಿಗೆ ಇನ್ನು ಕೆರೆಯಲ್ಲಿ ಕಾಯಬೇಕಾದ್ದು ಏನೂ ಇಲ್ಲ ಅನ್ನಿಸೋದು ಆ ದಿನ. ಕಾವಲು ಇಲ್ಲದ ಕೆರೆಗೆ ಟ್ಯಾಂಕರ್ ಇಳಿಯೋದು, ಅಂಚಿಗೆ ಯಾರೋ ರಾಗಿ ಚೆಲ್ಲೋದು, ಮಣ್ಣಿಗೆ ಜೆಸಿಬಿ ಬರೋದು, ಎಲ್ಲ ಆಮೇಲೆ. ಒಬ್ಬನ ನಿರ್ಧಾರ ಇನ್ನೊಬ್ಬನ ನಿರ್ಧಾರಕ್ಕೆ ಬಾಗಿಲು ತೆಗೆಯುತ್ತೆ. ಅದು ಕಂಡರೆ ಸಾಕು.

— ಕೆ.ಸಿ. ವ್ಯಾಲಿ ನೀರು? 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಓದೋರು ಅದನ್ನ ಕೇಳ್ತಾರಲ್ಲ.

— ಪಕ್ಕದೂರಿನ ಕೆರೆಗೆ ಬರಲಿ, ನಿನ್ನ ಕೆರೆಗೆ ಬಾರದಿರಲಿ. ಎಲ್ಲ ಕೆರೆಗಳೂ ಆ ಯೋಜನೆಯಲ್ಲಿಲ್ಲ. ಪಕ್ಕದೂರಲ್ಲಿ ಮೇ ತಿಂಗಳಲ್ಲೂ ನೀರು ಹೊಳೀತಾ ಇದೆ, ಅಲ್ಲಿನ ಬೋರುಗಳಲ್ಲಿ ನೀರು ಮೇಲೆ ಬಂದಿದೆ ಅಂತ ಮಾತು. ನಿನ್ನ ಹೆಂಗಸಿನ ತವರು ಅದೇ ಊರು ಅಂತ ಮಾಡು. ಹಸುವನ್ನ ಮಾರೋದರ ಬದಲು ತವರಿಗೆ ಅಟ್ಟಬಹುದು. ಆ ನೀರು ಹಸು ಕುಡಿದರೆ ಏನಾಗುತ್ತೋ ಅಂತ ಅತ್ತೆಗೆ ಅನುಮಾನ. ಅವಳ ಅಣ್ಣನಿಗೆ ಹಸು ಬಂದರೆ ಮೇವಿನ ಖರ್ಚು. ಹೀಗೆ ಯೋಚಿಸು.

— ಹಾಗಾದರೆ ಹಸು ಮಾರಾಟ ಕೊನೆ ದೃಶ್ಯ ಆಗೋದಿಲ್ಲ.

— ಆಗಬೇಕಿಲ್ಲ. ಹಸು ಮಾರಿದಳು, ಕೆರೆ ಒಣಗಿತು, ಕಣ್ಣೀರು ಅಂತ ಮುಗಿಸಿದರೆ ಓದೋರು ಮರುಕ ಪಟ್ಟು ಪುಸ್ತಕ ಮುಚ್ಚಿಡ್ತಾರೆ. 2024ರ ಮುಂಗಾರು ಚೆನ್ನಾಗಿ ಬಂತು, ಅದು ನಡೆದ ವಿಷಯ. ಅಲ್ಲಿಗೆ ಕಥೆ ತಗೊಂಡು ಹೋಗು. ಒಂದು ರಾತ್ರಿ ಜೋರು ಮಳೆ, ಕಾಲುವೆಯಲ್ಲಿ ಕೆಂಪು ನೀರು ಬರುತ್ತೆ. ಮಾರನೇ ದಿನ ಅಂಚಿನಲ್ಲಿ ರಾಗಿ ಹಾಕಿದವನು ಕಾಲುವೆಗೆ ಅಡ್ಡ ಮಣ್ಣು ಹಾಕಿದ್ದಾನೆ, ತನ್ನ ಪೈರು ಮುಳುಗಬಾರದು ಅಂತ. ಬರದ ವರ್ಷ ಅವನಿಗೆ ಕೆರೆಯ ಅಂಗಳ ಬಿಟ್ಟು ಬೇರೆ ಎಲ್ಲೂ ಬೆಳೆಯಾಗಿಲ್ಲ. ನೀರುಗಂಟಿ ಸನಿಕೆ ಹಿಡಿದು ಅಲ್ಲಿಗೆ ಬರ್ತಾನೆ. ಮಣ್ಣು ತೆಗೆದರೆ ಆ ಮನೆಯ ರಾಗಿ ಹೋಯ್ತು. ತೆಗೆಯದಿದ್ದರೆ ಈ ಸಲವೂ ಕೆರೆಗೆ ನೀರಿಲ್ಲ.

— ಅವನು ತೆಗೀತಾನಾ?

— ಆ ರಾಗಿಯವನು ಯಾರು ಅನ್ನೋದರ ಮೇಲಿದೆ. ನೀರುಗಂಟಿಗೆ ಸುಗ್ಗಿಯಲ್ಲಿ ತಪ್ಪದೆ ಕಾಳು ಅಳೆದವನಾಗಿದ್ದರೆ?

— ಅದೇ ಮೈದುನ ಆಗಿರಲಿ. ಟೊಮ್ಯಾಟೊ ಹೋಯ್ತು, ಬೋರು ಸಾವಿರದಿನ್ನೂರು ಅಡಿಗೂ ಬರೀ ಧೂಳು ಕಾರಿತು, ಸಾಲ ಉಳೀತು, ಅದಕ್ಕೇ ಅಂಗಳಕ್ಕೆ ರಾಗಿ ಚೆಲ್ಲಿದ.

— ಹಾಗಾದರೆ ಆ ಬೋರು ಕೊರೆಸಿದ ರಾತ್ರಿಯನ್ನ ಮೊದಲು ತಿದ್ದಿ ಬರೆ. ತಿರುಚೆಂಗೋಡಿನ ಲಾರಿ ಬಂದಿದ್ದು, ಅಡಿಗೆ ಇಷ್ಟು ಅಂತ ದರ ಮಾತಾಡಿದ್ದು, ಆರುನೂರು ಅಡಿ ಆದಾಗ ನಿಲ್ಲಿಸೋಣವಾ ಅಂತ ಲಾರಿಯವನು ಕೇಳಿದ್ದು, ಮೈದುನ ಹೆಂಡತಿಯ ಮುಖ ನೋಡಿದ್ದು. ನೂರು ನೂರು ಅಡಿಗೂ ಅವನು ಮತ್ತೆ ಮತ್ತೆ ನಿರ್ಧಾರ ಮಾಡಬೇಕು. ಆಗ ಕೇಸಿಂಗ್ ಪೈಪಿನ ದುಡ್ಡು ಎಲ್ಲಿಂದ ತಂದ ಅನ್ನೋದನ್ನೂ ಬರೀಬೇಕಾಗುತ್ತೆ.

— ಅತ್ತಿಗೆಯ ಹಾಲಿನ ಬಟವಾಡೆ ದುಡ್ಡು. ಹದಿನೈದು ದಿನದ್ದು.

— ಅವಳು ಕೊಟ್ಟಳಾ, ಅವನು ಕೇಳಿದನಾ?

— ಅವಳೇ ಕೊಟ್ಟಳು. ಬೋರಲ್ಲಿ ನೀರು ಬಿದ್ದರೆ ಹಸುಗಳಿಗೂ ಒಂದು ತೊಟ್ಟಿ ತುಂಬಿಸಿಕೊಳ್ಳಬಹುದು ಅಂತ.

— ಅದನ್ನ ಬರ್ಕೊಂಡು ಬಾ. ಮೇಷ್ಟ್ರು ಊರಲ್ಲೇ ಇರಲಿ, ಬೇಕಾದರೆ ಬಿಸಿಯೂಟಕ್ಕೆ ನೀರು ಸಾಲದೆ ಮಕ್ಕಳ ಕೈಯಲ್ಲಿ ಮನೆಯಿಂದ ಒಂದೊಂದು ಬಾಟಲಿ ನೀರು ತರಿಸಬೇಕಾ ಬೇಡವಾ ಅಂತ ಅವರೂ ಒದ್ದಾಡಲಿ.